ಪಾಸಾದ ದಿನವೇ ಗಡಿಯಾರ ಶುರು: ಸಿಎಂಎ ಮಾಡ್ತಿರೋ ಬಿಕಾಂ ಗೆಳೆಯರಿಗೆ

1/6

ನಮ್ಮ ಕ್ಲಾಸಲ್ಲಿ ಅರ್ಧ ಜನ ಸಿಎಂಎ ಯುಎಸ್‌ಎ ಮಾಡ್ತಿದ್ದೀವಿ. ಎಲ್ಲರಿಗೂ ಸೇರುವಾಗ ಹೇಳಿದ ಮಾತು ಒಂದೇ: "ಡಿಗ್ರಿ ಮುಗಿಯೋದ್ರೊಳಗೆ ಎರಡೂ ಪಾರ್ಟ್ ಹೊಡೆದುಬಿಡಿ, ಕಾನ್ವೊಕೇಷನ್ ದಿನಾನೇ ನೀವು ಸಿಎಂಎ." ನನಗೂ ಹೀಗೇ ಹೇಳಿದ್ರು. ನಾನೂ ನಂಬಿದೆ, ಅಪ್ಪನಿಗೂ ನಂಬಿಸಿದೆ.

ಈ ಮಾತು ಸುಳ್ಳು. ಎರಡೂ ಪಾರ್ಟ್ ಪಾಸಾದ್ರೆ ಸಿಎಂಎ ಆಗಲ್ಲ, ಪರೀಕ್ಷೆ ಪಾಸಾಗಿರುತ್ತೆ ಅಷ್ಟೇ. ಹೆಸರಿನ ಮುಂದೆ ಆ ಮೂರಕ್ಷರ ಹಾಕ್ಕೋಬೇಕು ಅಂದ್ರೆ ಡಿಗ್ರಿ ಬೇಕು, ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಆ ಅನುಭವ ಪರೀಕ್ಷೆ ಪಾಸಾಗಿ ಏಳು ವರ್ಷದೊಳಗೆ ಮುಗಿಯಬೇಕು. ಮುಗಿಯದಿದ್ರೆ ಪಾಸಾದ ಪರೀಕ್ಷೆಯೇ ಲ್ಯಾಪ್ಸ್. ಅಂಕ ಹೋಯ್ತು, ಫೀಸು ಹೋಯ್ತು, ಮತ್ತೆ ಮೊದಲಿಂದ.

ಇದನ್ನ ನನಗೆ ಯಾರೂ ಹೇಳಲಿಲ್ಲ. ಪಾರ್ಟ್ ಎರಡಕ್ಕೆ ದುಡ್ಡು ಕಟ್ಟೋ ಹಿಂದಿನ ರಾತ್ರಿ ನಿಯಮ ಓದ್ತಾ ಕೂತಾಗ ಕಣ್ಣಿಗೆ ಬಿತ್ತು. ಆಮೇಲೆ ದುಡ್ಡು ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ ಅನ್ನೋದೇ ಈ ಆರು ಪೋಸ್ಟು.

(ಇದು ಅಮೆರಿಕದ ಐಎಂಎ ಕೊಡೋ ಸಿಎಂಎ ಬಗ್ಗೆ. ನಮ್ಮ ದೇಶದ ಸಂಸ್ಥೆಯ ಸಿಎಂಎ ಬೇರೆ, ಅದರ ನಿಯಮವೂ ಬೇರೆ.)

2/6

ಮೊದಲು ನಿಯಮ ಸರಿಯಾಗಿ ನೋಡೋಣ. ಇಲ್ಲಿ ಗಡಿಯಾರ ಒಂದಲ್ಲ, ಎರಡು.

ಒಂದನೇದು ನೀವು ಕೋರ್ಸಿಗೆ ಹೆಸರು ನೋಂದಾಯಿಸಿದ ದಿನ ಶುರುವಾಗುತ್ತೆ. ಅಲ್ಲಿಂದ ಮೂರು ವರ್ಷದೊಳಗೆ ಎರಡೂ ಪಾರ್ಟ್ ಪಾಸಾಗಬೇಕು. ಇದು ಎಲ್ಲರಿಗೂ ಗೊತ್ತು, ಕೋಚಿಂಗಿನವರು ದಿನಾ ನೆನಪಿಸ್ತಾರೆ.

ಎರಡನೇದು ಎರಡೂ ಪಾರ್ಟ್ ಪಾಸಾದ ಮೇಲೆ ಶುರುವಾಗುತ್ತೆ. ಅದೇ ಏಳು ವರ್ಷದ್ದು. ಇದರ ಬಗ್ಗೆ ಯಾರೂ ಬಾಯಿ ಬಿಡಲ್ಲ, ಯಾಕಂದ್ರೆ ಅಷ್ಟೊತ್ತಿಗೆ ನಾವು ಅವರ ವಿದ್ಯಾರ್ಥಿಗಳಾಗಿರಲ್ಲ.

ಈಗ ಮಜಾ ನೋಡಿ. ಮೊದಲನೇ ಗಡಿಯಾರ "ಬೇಗ ಮುಗಿಸು" ಅಂತ ತಳ್ಳುತ್ತೆ. ಬೇಗ ಮುಗಿಸಿದ್ರೆ ಎರಡನೇದು ಬೇಗ ಶುರು. ಎರಡನೇ ವರ್ಷದ ಬಿಕಾಂನಲ್ಲೇ ಎರಡೂ ಪಾಸಾದ ಟಾಪರ್ ಹುಡುಗಿಗೆ ಏಳರಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲೇಜು ಬೆಂಚಿನ ಮೇಲೇ ಕಳೆದುಹೋಗುತ್ತೆ. ಆ ಹೊತ್ತಲ್ಲಿ ಅವಳು ಫುಲ್ ಟೈಮ್ ಕೆಲಸಕ್ಕೆ ಹೋಗೋಕೆ ಆಗಲ್ಲ. ನಿಧಾನಕ್ಕೆ ಓದಿ, ಡಿಗ್ರಿ ಆದ ಮೇಲೆ ಪಾಸಾದವನಿಗೆ ಪೂರ್ತಿ ಏಳು ವರ್ಷ. ಜಾಣೆಗೆ ಕಡಿಮೆ ಸಮಯ, ನಿಧಾನದವನಿಗೆ ಹೆಚ್ಚು. ಇದ್ಯಾವ ನ್ಯಾಯ?

3/6

"ಅಯ್ಯೋ, ಏಳು ವರ್ಷದಲ್ಲಿ ಎರಡು ವರ್ಷ ಕೆಲಸ ಮಾಡೋಕೆ ಆಗಲ್ವಾ?" ಅಂತ ಕೇಳ್ತೀರಾ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಎಲ್ಲಾ ಎರಡು ವರ್ಷವೂ ಇಲ್ಲಿ ಎರಡು ವರ್ಷ ಅಲ್ಲ.

ಮೊದಲನೇದಾಗಿ ಅದು ಸತತವಾಗಿರಬೇಕು. ಎರಡನೇದಾಗಿ ಕೆಲಸ ನಿಜವಾಗಿ ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಅಥವಾ ಫೈನಾನ್ಸ್ ಕೆಲಸ ಆಗಿರಬೇಕು: ಬಜೆಟ್ ಮಾಡೋದು, ಫೋರ್‌ಕಾಸ್ಟ್, ಕಾಸ್ಟಿಂಗ್, ತಿಂಗಳ ಕೊನೆಯ ಕ್ಲೋಸಿಂಗ್, ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ತಯಾರಿ, ಆಡಿಟ್, ಇಂಥದ್ದು. ಇಂಟರ್ನ್‌ಶಿಪ್ ಲೆಕ್ಕಕ್ಕಿಲ್ಲ. ಟ್ರೈನಿ ಹುದ್ದೆ ಲೆಕ್ಕಕ್ಕಿಲ್ಲ. ಕ್ಲರಿಕಲ್ ಕೆಲಸ ಲೆಕ್ಕಕ್ಕಿಲ್ಲ. ಪಾರ್ಟ್ ಟೈಮ್ ಆದ್ರೆ ವಾರಕ್ಕೆ 20 ಗಂಟೆ ದುಡಿದ್ರೂ ಎರಡು ವರ್ಷಕ್ಕೆ ಒಂದು ವರ್ಷ ಅಂತ ಲೆಕ್ಕ, ಅಂದ್ರೆ ನಾಲ್ಕು ವರ್ಷ ಬೇಕು.

ಈಗ ಯೋಚಿಸಿ. ಬಿಕಾಂ ಮುಗಿಸಿದ ನಮಗೆ ಬೆಂಗಳೂರಲ್ಲಿ ಸುಲಭವಾಗಿ ಸಿಗೋ ಮೊದಲ ಕೆಲಸ ಯಾವುದು? ಅಕೌಂಟ್ಸ್ ಪೇಯಬಲ್. ಇನ್‌ವಾಯ್ಸ್ ಬರುತ್ತೆ, ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡು, ಎಂಟ್ರಿ ಹಾಕು, ಮುಂದಿನದು. ಡೆಸಿಗ್ನೇಷನ್ ಮಾತ್ರ "ಫೈನಾನ್ಸ್ ಅಸೋಸಿಯೇಟ್". ಆದ್ರೆ ಅಲ್ಲಿ ನೋಡೋದು ಡೆಸಿಗ್ನೇಷನ್ ಅಲ್ಲ, ದಿನಾ ಏನು ಮಾಡ್ತಿದ್ರಿ ಅನ್ನೋದನ್ನ. ಬರೀ ಎಂಟ್ರಿ ಹಾಕಿದ್ದು ಕ್ಲರಿಕಲ್ ಅನ್ನಿಸಿಕೊಂಡ್ರೆ ಆ ವರ್ಷಗಳು ಸೊನ್ನೆ.

4/6

ಅಕೌಂಟೆನ್ಸಿ ಪುಸ್ತಕದ ಥರ ಒಂದು ಪ್ರಾಬ್ಲಂ ಮಾಡೋಣ. ಇದು ನಾನೇ ಹಾಕಿಕೊಂಡ ಲೆಕ್ಕ, ಯಾರದ್ದೋ ನಿಜ ಕಥೆ ಅಲ್ಲ. ಆದ್ರೆ ಇಂಥವರು ನಿಮ್ಮ ಮನೆಯಲ್ಲೇ ಇರಬಹುದು.

ಕುಮಾರಿ 'ಎ' 2018ರ ಫೆಬ್ರವರಿಯಲ್ಲಿ, ಬಿಕಾಂ ಎರಡನೇ ವರ್ಷದಲ್ಲಿ, ಎರಡೂ ಪಾರ್ಟ್ ಮುಗಿಸಿದಳು. ಗಡುವು 2025ರ ಫೆಬ್ರವರಿ. 2019ರಲ್ಲಿ ಡಿಗ್ರಿ ಆಯ್ತು, ಜುಲೈನಿಂದ ಇನ್‌ವಾಯ್ಸ್ ಎಂಟ್ರಿ ಕೆಲಸ. ಕೊರೋನಾ ಬಂತು, ಇದ್ದ ಕೆಲಸ ಉಳಿದ್ರೆ ಸಾಕು ಅಂತ 2021ರ ಕೊನೆವರೆಗೂ ಅಲ್ಲೇ ಇದ್ದಳು. ಎರಡೂವರೆ ವರ್ಷ. ಲೆಕ್ಕಕ್ಕೆ ಬಂದದ್ದು: ಸೊನ್ನೆ.

2022ರ ಜನವರಿಯಲ್ಲಿ ಮಂತ್ಲಿ ಕ್ಲೋಸಿಂಗ್ ತಂಡಕ್ಕೆ ಹೋದಳು. ಇದು ಲೆಕ್ಕಕ್ಕೆ ಬರುತ್ತೆ. 2023ರ ಫೆಬ್ರವರಿವರೆಗೆ 14 ತಿಂಗಳು. ಆಮೇಲೆ ಮಗು. ನೋಡ್ಕೊಳ್ಳೋಕೆ ಮನೆಯಲ್ಲಿ ಯಾರೂ ಇಲ್ಲ, ಕೆಲಸ ಬಿಟ್ಟಳು. 2024ರ ಫೆಬ್ರವರಿಯಲ್ಲಿ ಬಜೆಟಿಂಗ್ ತಂಡಕ್ಕೆ ವಾಪಸ್ ಸೇರಿದಳು.

2025ರ ಫೆಬ್ರವರಿಗೆ ಅವಳ ಖಾತೆಯಲ್ಲಿ ಎಷ್ಟಿದೆ? 14 ತಿಂಗಳು, ಜೊತೆಗೆ 12. ಒಟ್ಟು 26. ಬೇಕಾದದ್ದು 24. ಎರಡು ತಿಂಗಳು ಜಾಸ್ತಿಯೇ ಇದೆ. ಆದ್ರೂ ಅವಳಿಗೆ ಸರ್ಟಿಫಿಕೇಟ್ ಇಲ್ಲ, ಯಾಕಂದ್ರೆ ಸತತವಾಗಿ ಇರೋದು 14 ಮಾತ್ರ. ಇನ್ನೊಂದು ವರ್ಷ ಇದೇ ಕೆಲಸದಲ್ಲಿ ಇದ್ದಿದ್ರೆ ಎರಡು ವರ್ಷ ತುಂಬುತ್ತಿತ್ತು, ಆದ್ರೆ ಅಷ್ಟರಲ್ಲಿ ಪರೀಕ್ಷೆಯೇ ಲ್ಯಾಪ್ಸ್.

ಇದೇ ಹುಡುಗಿ ಪಾರ್ಟ್ ಎರಡನ್ನ ಎರಡನೇ ವರ್ಷದಲ್ಲಿ ಬರೆಯದೆ, ಡಿಗ್ರಿ ಆದ ಮೇಲೆ 2019ರ ಅಕ್ಟೋಬರಲ್ಲಿ ಬರೆದು ಪಾಸಾಗಿದ್ರೆ? ಗಡುವು 2026ರ ಅಕ್ಟೋಬರ್. 2026ರ ಫೆಬ್ರವರಿಗೆ 24 ತಿಂಗಳು ಸತತವಾಗಿ ತುಂಬಿ ಅವಳು ಸಿಎಂಎ. ಅದೇ ಬುದ್ಧಿ, ಅದೇ ಕೆಲಸ, ಅದೇ ಮಗು. ಪರೀಕ್ಷೆ ಬರೆದ ತಾರೀಖು ಮಾತ್ರ ಬೇರೆ.

5/6

ಗಡುವೇ ಬೇಡ ಅಂತ ನಾನು ಹೇಳ್ತಿಲ್ಲ. ಅವರ ಕಡೆಯ ಮಾತೂ ಇದೆ: ಓದಿದ್ದು ಹಳೇದಾಗುತ್ತೆ. ನಿಜ. 2020ರಲ್ಲಿ ಪಾರ್ಟ್ ಒಂದಕ್ಕೆ ಟೆಕ್ನಾಲಜಿ ಮತ್ತು ಅನಲಿಟಿಕ್ಸ್ ಅಂತ ಹೊಸ ಭಾಗವೇ ಸೇರಿತು. 2018ರಲ್ಲಿ ಬರೆದವರಿಗೆ ಅದು ಇರಲಿಲ್ಲ.

ಆದ್ರೆ ಒಂದು ಪ್ರಶ್ನೆ. ಕುಮಾರಿ 'ಎ' ಜೊತೆ ಅದೇ ದಿನ ಅದೇ ಹಾಲಲ್ಲಿ ಪರೀಕ್ಷೆ ಬರೆದ 'ಬಿ'ಗೆ ಮಾವನ ಕಂಪನಿಯಲ್ಲಿ ಒಳ್ಳೆ ಕೆಲಸ ಸಿಕ್ತು, ಎರಡು ವರ್ಷ ತುಂಬಿ ಸಿಎಂಎ ಆದ. ಅವನೂ ಆ ಹೊಸ ಭಾಗ ಬರೆದಿಲ್ಲ. ಅವನ ಓದು ಹಳೇದಾಗಲ್ವಾ? ಆಗುತ್ತೆ. ಅದಕ್ಕೆ ಅವನಿಗೆ ಏನು ಮದ್ದು ಕೊಟ್ಟಿದ್ದಾರೆ ಗೊತ್ತಾ? ವರ್ಷಕ್ಕೆ 30 ಗಂಟೆ ಮುಂದುವರಿದ ಕಲಿಕೆ, ಅದರಲ್ಲಿ ಎರಡು ಗಂಟೆ ನೀತಿಶಾಸ್ತ್ರ. ಅಷ್ಟೇ. ಮತ್ತೆ ಪರೀಕ್ಷೆ ಇಲ್ಲ.

ಒಂದೇ ಕಾಯಿಲೆ. ಒಬ್ಬನಿಗೆ 30 ಗಂಟೆ ಕ್ಲಾಸು, ಇನ್ನೊಬ್ಬಳಿಗೆ ನಾಲ್ಕು ನಾಲ್ಕು ಗಂಟೆಯ ಎರಡು ಪರೀಕ್ಷೆ ಮತ್ತೆ. ಕಾಯಿಲೆ ನಿಜವಾಗಿ 'ಓದು ಹಳೇದಾಗೋದು' ಆಗಿದ್ರೆ ಮದ್ದು ಇಬ್ಬರಿಗೂ ಒಂದೇ ಇರಬೇಕಿತ್ತು. ಏಳು ವರ್ಷ ತುಂಬಿದವರೂ ಅದೇ 30 ಗಂಟೆ ಕಲಿಕೆ ಮುಗಿಸಿ ಅಂಕ ಉಳಿಸಿಕೊಳ್ಳಲಿ, ಅನುಭವ ತುಂಬಿದಾಗ ಸರ್ಟಿಫಿಕೇಟ್ ತಗೊಳ್ಳಲಿ. ಯಾರಿಗೆ ನಷ್ಟ?

ಬೇರೆ ಕಡೆ ಹೇಗಿದೆ ನೋಡಿ. ನಮ್ಮ ಸಿಎಯಲ್ಲಿ ಆರ್ಟಿಕಲ್‌ಶಿಪ್ ಮೊದಲು, ಫೈನಲ್ ಆಮೇಲೆ. ಫೈನಲ್ ಪಾಸಾಗಿ ಅನುಭವಕ್ಕೆ ಅಲೆಯೋ ಪ್ರಶ್ನೆಯೇ ಇಲ್ಲ. ಎಸಿಸಿಎಯಲ್ಲಿ ಕೊನೇ ಹಂತದ ಪೇಪರ್‌ಗಳಿಗೆ ಏಳು ವರ್ಷದ ಮಿತಿ ಇದೆ, ಆದ್ರೆ 36 ತಿಂಗಳ ಅನುಭವವನ್ನ ಪರೀಕ್ಷೆಗೆ ಮುಂಚೆ, ಜೊತೆಗೆ, ಆಮೇಲೆ ಯಾವಾಗ ಬೇಕಾದ್ರೂ ತುಂಬಿಸಬಹುದು. ಅವರ ಸದಸ್ಯರೇನು ದಡ್ಡರಾಗಿಲ್ಲವಲ್ಲ.

ಕನಿಷ್ಠ ಇಷ್ಟಾದ್ರೂ ಮಾಡಲಿ: ವಿದ್ಯಾರ್ಥಿಯಾಗಿದ್ದಾಗ ಪಾಸಾದವರಿಗೆ ಏಳು ವರ್ಷವನ್ನ ಡಿಗ್ರಿ ಸಿಕ್ಕ ದಿನದಿಂದ ಎಣಿಸಲಿ. ವಿದ್ಯಾರ್ಥಿಗಳನ್ನ ಕರೆದು ಪರೀಕ್ಷೆ ಬರೆಸೋರೂ ಅವರೇ, ಆ ವರ್ಷಗಳನ್ನ ಕಳೆಯೋರೂ ಅವರೇ ಅಂದ್ರೆ ಹೇಗೆ?

6/6

ನಿಯಮ ಬದಲಾಗೋವರೆಗೆ ನಾವೇನು ಮಾಡೋದು? ನಾನು ಮಾಡಿದ್ದು ಹೇಳ್ತೀನಿ.

ನಾನು ಹೆಸರು ನೋಂದಾಯಿಸಿದ್ದು ಈ ವರ್ಷ ಜನವರಿಯಲ್ಲಿ. ಪಾರ್ಟ್ ಒಂದು ಆಯ್ತು. ಪಾರ್ಟ್ ಎರಡನ್ನ ಈ ಸೆಪ್ಟೆಂಬರ್-ಅಕ್ಟೋಬರ್ ಬದಲು ಮುಂದಿನ ವರ್ಷದ ಸೆಪ್ಟೆಂಬರ್-ಅಕ್ಟೋಬರಿಗೆ ಹಾಕಿದ್ದೀನಿ. ಅಷ್ಟೊತ್ತಿಗೆ ಡಿಗ್ರಿ ಮುಗಿದಿರುತ್ತೆ. ಮೂರು ವರ್ಷದ ಮಿತಿಗೂ ಇನ್ನೂ ಒಂದು ವರ್ಷದ ಮೇಲೆ ಬಾಕಿ ಇರುತ್ತೆ, ಫೇಲಾದ್ರೂ ಮತ್ತೆ ಬರೆಯೋಕೆ ಜಾಗ ಇದೆ. ಏಳು ವರ್ಷದಲ್ಲಿ ಒಂದು ದಿನವೂ ಕಾಲೇಜಲ್ಲಿ ವೇಸ್ಟ್ ಆಗಲ್ಲ. ಪರೀಕ್ಷೆಗೆ ಮುಂಚಿನ ಅನುಭವವೂ ಲೆಕ್ಕಕ್ಕೆ ಬರೋದ್ರಿಂದ ಜುಲೈನಲ್ಲಿ ಸರಿಯಾದ ಕೆಲಸ ಸಿಕ್ರೆ ಅದೂ ಲಾಭವೇ.

ನಷ್ಟವೂ ಇದೆ, ಮುಚ್ಚಿಡಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟಲ್ಲಿ "ಎರಡೂ ಪಾರ್ಟ್ ಕ್ಲಿಯರ್" ಅಂತ ಹೇಳೋಕೆ ಆಗಲ್ಲ. ಅದಕ್ಕೆ ಬೆಲೆ ಇದೆ ಅಂತ ಗೊತ್ತು. ಮನೆ ಪರಿಸ್ಥಿತಿಗೆ ಈಗಲೇ ಕೆಲಸ ಬೇಕೇ ಬೇಕು ಅನ್ನೋರು ಈಗಲೇ ಬರೀರಿ, ತಪ್ಪಲ್ಲ. ಆದ್ರೆ ಗಡಿಯಾರ ಶುರುವಾಗುತ್ತೆ ಅಂತ ತಿಳ್ಕೊಂಡು ಬರೀರಿ.

ಈಗಾಗಲೇ ಎರಡೂ ಪಾಸಾಗಿರೋರು, ಮೊದಲ ಕೆಲಸದ ಆಫರ್ ಲೆಟರ್ ಬಂದಾಗ ಸಂಬಳದ ಜೊತೆ ಇದನ್ನೂ ಕೇಳಿ: ದಿನಾ ಏನು ಕೆಲಸ? ಟ್ರೈನಿ ಅಂತ ಎಷ್ಟು ತಿಂಗಳು? ಕ್ಲೋಸಿಂಗ್ ಅಥವಾ ಬಜೆಟ್ ಕೆಲಸಕ್ಕೆ ಯಾವಾಗ ಹಾಕ್ತೀರಾ? ಎರಡು ಸಾವಿರ ರೂಪಾಯಿ ಸಂಬಳ ಕಡಿಮೆಯಾದ್ರೂ ಲೆಕ್ಕಕ್ಕೆ ಬರೋ ಕೆಲಸವೇ ಮೇಲು. ಕೆಲಸ ಬದಲಾಯಿಸುವಾಗ ನಡುವೆ ತಿಂಗಳುಗಟ್ಟಲೆ ಖಾಲಿ ಕೂರಬೇಡಿ. ಒಂದೊಂದು ಕಂಪನಿ ಬಿಡುವಾಗಲೂ ಏನೇನು ಕೆಲಸ ಮಾಡಿದ್ರಿ ಅಂತ ಮ್ಯಾನೇಜರ್ ಹತ್ತಿರ ಬರೆಸಿಕೊಳ್ಳಿ. ಆರು ವರ್ಷ ಆದ ಮೇಲೆ ಆ ಮ್ಯಾನೇಜರ್ ಎಲ್ಲಿರ್ತಾರೋ ಯಾರಿಗೆ ಗೊತ್ತು.

ಜೂನಿಯರ್‌ಗಳನ್ನ ಸೇರಿಸ್ಕೊಳ್ಳೋ ಕೋಚಿಂಗ್‌ನವರಿಗೆ ಒಂದೇ ಮಾತು. ಫೀಸ್ ಪಟ್ಟಿ ತೋರಿಸೋ ಹಾಳೆಯಲ್ಲೇ ಒಂದು ಸಾಲು ಸೇರಿಸಿ: "ಪಾಸಾದ ಏಳು ವರ್ಷದೊಳಗೆ ಸತತ ಎರಡು ವರ್ಷದ ಅನುಭವ ಇಲ್ಲದಿದ್ರೆ ಪರೀಕ್ಷೆ ರದ್ದು." ಇಷ್ಟು ಬರೆಯೋಕೆ ಭಯ ಆಗುತ್ತೆ ಅಂದ್ರೆ, ನೀವು ಮಾರ್ತಿರೋದು ಏನು ಅಂತ ನಿಮಗೇ ಗೊತ್ತು.

ನಿಮ್ಮ ಏಳು ವರ್ಷ ಯಾವ ತಿಂಗಳಿಗೆ ಮುಗಿಯುತ್ತೆ? ಲೆಕ್ಕ ಹಾಕಿ ಕಾಮೆಂಟಲ್ಲಿ ಹಾಕಿ. ಲೆಕ್ಕ ತಪ್ಪಿದ್ರೆ ಎಲ್ಲರೂ ಸೇರಿ ಸರಿ ಮಾಡೋಣ, ನಾವು ಬಿಕಾಂನವರಲ್ವಾ.

#ಬಿಕಾಂ #ಸಿಎಂಎ #ಏಳುವರ್ಷ #ಕಾಮರ್ಸ್‌ಹುಡುಗರು #ಕನ್ನಡದಲ್ಲಿ