ರೈಲಿಗೆ ಸಿಕ್ಕಿದ್ದು ಒಂದೇ ಫ್ರೇಮ್

2019ರ ಜುಲೈ 12ರಂದು ಜೋಲಾರ್‌ಪೇಟೆಯಿಂದ ಹೊರಟ ನೀರಿನ ರೈಲು ಚೆನ್ನೈನ ವಿಲ್ಲಿವಾಕ್ಕಂ ತಲುಪಿತು. 50 ವ್ಯಾಗನ್, ಸುಮಾರು 25 ಲಕ್ಷ ಲೀಟರ್. ಟಿವಿಯಲ್ಲೆಲ್ಲ ಅದೇ ಸುದ್ದಿ. ಈಗ ಚೆನ್ನೈನ ಗಿಂಡಿಯಲ್ಲಿ ನಲ್ಲಿ ತಿರುಗಿಸುವವರಿಗೆ ಆ ಬೇಸಿಗೆಯ ನೀರಿನ ಬರದ ಕಥೆಯನ್ನು ಮೋಷನ್ ಗ್ರಾಫಿಕ್ಸ್‌ನಲ್ಲಿ ಹೇಳಬೇಕು ಅಂದುಕೊಳ್ಳಿ. ರೈಲನ್ನು ಎಷ್ಟು ಹೊತ್ತು ತೋರಿಸಬೇಕು?

ಅಂಕಿಯನ್ನೇ ಕೇಳೋಣ. ಆಗ ನಗರಕ್ಕೆ ದಿನಕ್ಕೆ ಹಂಚುತ್ತಿದ್ದದ್ದು ಸುಮಾರು 52 ಕೋಟಿ ಲೀಟರ್. ಒಂದು ದಿನದ ನೀರು ತೆರೆಯ ಮೇಲೆ ಹರಿದು ಮುಗಿಯಲು 10 ಸೆಕೆಂಡು ಕೊಟ್ಟರೆ, ಸೆಕೆಂಡಿಗೆ 25ರಂತೆ 250 ಫ್ರೇಮ್. ಅದರಲ್ಲಿ ರೈಲಿನ ಪಾಲು ಒಂದು ಫ್ರೇಮ್‌ಗಿಂತ ತುಸು ಹೆಚ್ಚು. ಕಣ್ಣು ಮಿಟುಕಿಸುವಷ್ಟರಲ್ಲಿ ರೈಲು ಹೋಗಿರುತ್ತದೆ. ಕಾಣಲಿ ಎಂದು ಮೂರು ಸೆಕೆಂಡು ಓಡಿಸಿದರೆ, ನಗರದ ಸುಮಾರು ಮೂರನೇ ಒಂದು ಪಾಲು ನೀರು ರೈಲಿನಲ್ಲೇ ಬಂತೆಂದು ನೋಡುವವರು ನಂಬುತ್ತಾರೆ. ಬಾಯಲ್ಲಿ ಸರಿಯಾದ ಅಂಕಿ ಹೇಳಿದರೂ ಪ್ರಯೋಜನವಿಲ್ಲ, ನೆನಪಿನಲ್ಲಿ ಉಳಿಯುವುದು ಕಣ್ಣು ಕಂಡದ್ದೇ.

ದಾರಿ ಇದೆ. ತೆರೆಯ ಮೂಲೆಯಲ್ಲಿ ಒಂದು ಗಡಿಯಾರ ಇಡಿ. ನೀರು ಹರಿಯುವಾಗ ಅದೂ ಓಡಲಿ, ರೈಲು ಬಂದಾಗ ಎರಡನ್ನೂ ನಿಲ್ಲಿಸಿ. ಆ ಬಿಡುವಿನಲ್ಲಿ ವ್ಯಾಗನ್‌ಗಳನ್ನು ನಾಲ್ಕು ಸೆಕೆಂಡು ನಿಧಾನವಾಗಿ ತೋರಿಸಿ, ಆಮೇಲೆ 50 ವ್ಯಾಗನ್‌ಗಳನ್ನೂ ಕುಗ್ಗಿಸಿ ದಿನದ ನೀರಿನ ಪಟ್ಟಿಯೊಳಗೆ ಸಣ್ಣ ಗೆರೆಯಾಗಿ ಸೇರಿಸಿ. ಗಡಿಯಾರ ಮತ್ತೆ ಓಡಲಿ. ನಿರೂಪಕರು ಆ ಗೆರೆ ಸೇರುವ ಹೊತ್ತಿಗೆ ಸುಮ್ಮನಿರಬೇಕು. ಮಾತು, ಅಂಕಿ, ಚಲನೆ ಮೂರೂ ಒಟ್ಟಿಗೆ ಬಂದರೆ ಜನ ಅಂಕಿಯನ್ನೇ ಬಿಟ್ಟುಬಿಡುತ್ತಾರೆ.

ಇನ್ನೊಂದು ತೊಡಕು ಅಳತೆಯದು. ಜಲಾಶಯವನ್ನು ಘನ ಅಡಿಯಲ್ಲಿ ಅಳೆಯುತ್ತಾರೆ, ನಲ್ಲಿಯ ನೀರನ್ನು ಲೀಟರಿನಲ್ಲಿ. ಕಾವೇರಿ ಸುದ್ದಿ ಓದಿ ಓದಿ ಟಿಎಂಸಿ ಎಂಬ ಪದ ನಮಗೆ ಬಾಯಿಪಾಠ, ಆದರೆ ಒಂದು ಟಿಎಂಸಿ ಎಷ್ಟು ದಿನಕ್ಕಾಗುತ್ತದೆ ಎಂದರೆ ತಡವರಿಸುತ್ತೇವೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ನಗರಕ್ಕೆ ದಿನಕ್ಕೆ 100 ಕೋಟಿ ಬೇಕೆಂದು ಹಿಡಿದರೆ 28 ದಿನ. ಚೆನ್ನೈಗೆ ನೀರು ಕೊಡುವ ಚೆಂಬರಂಬಾಕ್ಕಂ ಕೆರೆ ತುಂಬಿದಾಗ 3.645 ಟಿಎಂಸಿ, ಅಂದರೆ 103 ದಿನದ ನೀರು. ತೆರೆಯ ಮೇಲೆ ದಿನಗಳನ್ನೇ ಬರೆಯಿರಿ. ಜೊತೆಗೆ ಆವಿಯಾಗುವ, ತಳದಲ್ಲಿ ಉಳಿಯುವ ನೀರನ್ನು ಇದರಲ್ಲಿ ಕಳೆದಿಲ್ಲ ಎಂಬ ಮಾತೂ ಇರಲಿ, ಅದೂ ಓದುವಷ್ಟು ಹೊತ್ತು ನಿಲ್ಲಲಿ.

ಕೆರೆಯನ್ನು ನೇರ ಗೋಡೆಯ ತೊಟ್ಟಿಯಂತೆ ಬಿಡಿಸುವುದು ಎಲ್ಲರೂ ಮಾಡುವ ತಪ್ಪು. ಚೆಂಬರಂಬಾಕ್ಕಂನ ಪೂರ್ಣ ಮಟ್ಟ 24 ಅಡಿ. ಮಟ್ಟ 12 ಅಡಿಗೆ ಇಳಿದಾಗ ತೊಟ್ಟಿ ಅರ್ಧ ತುಂಬಿದಂತೆ ಕಾಣುತ್ತದೆ. ಆದರೆ ಕೆರೆ ತಟ್ಟೆಯಂತೆ ಅಂಚಿಗೆ ಅಗಲ, ತಳಕ್ಕೆ ಕಿರಿದು. ನಿಜಕ್ಕೂ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. ಹಾಗಾಗಿ ಚಿತ್ರದ ಏರಿಳಿತವನ್ನು ಅಡಿಗಳಿಗಲ್ಲ, ಸಂಗ್ರಹದ ಅಂಕಿಗೇ ಕಟ್ಟಬೇಕು.