ಆಳು ಮಾಡಿದ್ದು ಹಾಳೇ?

ಪದವಿ ಮುಗಿಸಿ ಎರಡು ವರ್ಷವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ಊರಿನಲ್ಲೇ ಇದ್ದೇನೆ. ಕಾಲೇಜಿನ ದಿನಗಳಲ್ಲಿ ಅಂಗಡಿ ಬೋರ್ಡ್ ಬರೆದು ಕೈಖರ್ಚಿಗೆ ಮಾಡಿಕೊಳ್ಳುತ್ತಿದ್ದೆ. ಅದು ನೆನಪಿದ್ದ ನಮ್ಮೂರ ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟ್ರು ಡಿಸೆಂಬರ್ ಮೊದಲ ವಾರ ಕರೆಸಿದರು. 'ಡಿಸೆಂಬರ್ 23ಕ್ಕೆ ರೈತ ದಿನಾಚರಣೆ ಇದೆಯಪ್ಪ. ರಸ್ತೆ ಕಡೆ ಗೋಡೆಗೆ ರೈತರ ಮೇಲೆ, ದುಡಿಮೆ ಮೇಲೆ ನಾಲ್ಕು ಒಳ್ಳೆ ಮಾತು ಬರೆದುಕೊಡು' ಎಂದು ಹತ್ತು ಸಾಲುಗಳ ಪಟ್ಟಿ ಕೈಗಿಟ್ಟರು. ನಾಲ್ಕನ್ನು ಆರಿಸುವ ಕೆಲಸ ನನ್ನದು.

ನಮ್ಮದು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರು. ಡಿಸೆಂಬರ್ ಎಂದರೆ ಭತ್ತದ ಕುಯ್ಲಿನ ಕಾಲ. ನಮಗೆ ಸ್ವಂತ ಗದ್ದೆ ಇಲ್ಲ. ಅವ್ವ ಕೂಲಿಗೆ ಹೋಗುತ್ತಾಳೆ: ಮಳೆಗಾಲದಲ್ಲಿ ನಾಟಿ, ಆಮೇಲೆ ಕಳೆ, ಈಗ ಕುಯ್ಲು. ಅವತ್ತು ಸಂಜೆ ಅವಳು ಕೈಕಾಲು ತೊಳೆದು ಕುಳಿತಾಗ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಅವಳಿಗೆ ಓದಲು ಬರುವುದಿಲ್ಲ. ಆದರೆ ಗೋಡೆಯ ಮೇಲೆ ಬರುವುದು ಅವಳ ಕೆಲಸದ ಮಾತು, ಅವಳೇ ಕೇಳಲಿ ಎನಿಸಿತು.

ಮೊದಲ ಸಾಲು 'ರೈತ ದೇಶದ ಬೆನ್ನೆಲುಬು'. 'ಹೂಂ' ಎಂದಳು. ಎರಡನೆಯದು 'ರೈತನೇ ಅನ್ನದಾತ'. ಅದಕ್ಕೂ 'ಹೂಂ'. ಐದನೆಯದನ್ನು ಓದಿದಾಗ ಮಾತ್ರ ತಲೆ ಎತ್ತಿದಳು. ಅದು ನಮಗೆಲ್ಲ ಗೊತ್ತಿರುವ ಗಾದೆ: 'ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು.'

'ಅಲ್ಲಾ ಕಣ್ಮಗ, ಆಳು ಅಂದ್ರೆ ನಾನೇ ತಾನೆ? ನಾನು ನೆಟ್ಟ ಗದ್ದೆ ಎಲ್ಲಿ ಹಾಳಾಗದೆ ತೋರ್ಸು' ಎಂದಳು. ಕೋಪ ಮಾಡಿಕೊಂಡಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ನನ್ನ ಬಳಿ ಉತ್ತರ ಇರಲಿಲ್ಲ.

ಈ ಗಾದೆಯನ್ನು ಸ್ವಾವಲಂಬನೆಯ ಪಾಠವೆಂದು ನಾವು ಪ್ರಬಂಧಗಳಲ್ಲಿ ಬರೆದಿದ್ದೇವೆ, ಭಾಷಣಗಳಲ್ಲಿ ಹೇಳಿದ್ದೇವೆ. ಜಮೀನಿನ ಯಜಮಾನ ತನ್ನ ಮಗನಿಗೆ ಹೇಳುವ ಬುದ್ಧಿಮಾತಾಗಿ ಅದು ಸರಿಯೇ ಇರಬಹುದು. ಗೋಡೆಗೆ ಬಂದಾಗ ಮಾತ್ರ ಬೇರೆಯಾಗುತ್ತದೆ. ನಮ್ಮೂರ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಹೆಚ್ಚಿನವರು ಇನ್ನೊಬ್ಬರ ಗದ್ದೆಯಲ್ಲಿ ದುಡಿಯುವವರ ಮಕ್ಕಳು. ದಿನಾ ಬೆಳಿಗ್ಗೆ ಶಾಲೆಗೆ ಬರುತ್ತಾ ಆ ಸಾಲನ್ನು ಕೂಡಿಸಿ ಕೂಡಿಸಿ ಓದುವ ಎರಡನೇ ಕ್ಲಾಸಿನ ಹುಡುಗಿ, ತನ್ನ ಅವ್ವ ಮಾಡಿದ್ದೆಲ್ಲ ಹಾಳು ಎಂದು ಓದಿಕೊಳ್ಳುತ್ತಾಳೆ. ದುಡಿಮೆಯನ್ನು ಗೌರವಿಸುವ ಮಾತು ಎಂದುಕೊಂಡು ದುಡಿಯುವವರನ್ನೇ ಬೈದ ಹಾಗಾಯಿತು.

ಹಾಗಾದರೆ ಆಳು ಮಾಡುವ ಕೆಲಸ ಎಂಥದ್ದು? ನಾಟಿಯನ್ನೇ ನೋಡೋಣ. ಒಟ್ಲಿನಲ್ಲಿ ಮೂರು ವಾರದ ಮೇಲೆ ಬೆಳೆದ ಪೈರನ್ನು ಬೇರು ಹರಿಯದಂತೆ ಕಿತ್ತು, ಕಟ್ಟು ಕಟ್ಟಿ, ಕೆಸರುಗದ್ದೆಗೆ ತಂದು ಹಾಕಬೇಕು. ಆಮೇಲೆ ಬಗ್ಗಿ, ಎರಡು ಮೂರು ಪೈರುಗಳನ್ನು ಸೇರಿಸಿ ಬೆರಳ ತುದಿಯಲ್ಲಿ ಹಿಡಿದು, ಒಂದಿಂಚಿಗಿಂತ ಹೆಚ್ಚು ಆಳ ಹೋಗದಂತೆ ನೆಡಬೇಕು. ಆಳಕ್ಕೆ ಚುಚ್ಚಿದರೆ ಪೈರು ಚೇತರಿಸಿಕೊಳ್ಳುವುದು ತಡವಾಗುತ್ತದೆ, ತೆಂಡೆ ಕಡಿಮೆ ಒಡೆಯುತ್ತದೆ. ತೆಂಡೆ ಕಡಿಮೆಯಾದರೆ ತೆನೆ ಕಡಿಮೆ. ತೀರಾ ಮೇಲೆ ನೆಟ್ಟರೆ ನೀರು ಕಟ್ಟಿದಾಗ ಪೈರು ತೇಲುತ್ತದೆ. ಕೆಸರು ನೀರಿನೊಳಗೆ ಕಣ್ಣಿಗೆ ಏನೂ ಕಾಣದು. ಬೆರಳೇ ಅಳತೆ.

ಒಂದು ಲೆಕ್ಕ ಹಾಕಿದೆ. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್, ಗುಣಿಯಿಂದ ಗುಣಿಗೆ 10 ಸೆಂಟಿಮೀಟರ್ ಬಿಟ್ಟು ನೆಟ್ಟರೆ ಚದರ ಮೀಟರಿಗೆ 50 ಗುಣಿ. ಒಂದು ಎಕರೆಗೆ ಸುಮಾರು ಎರಡು ಲಕ್ಷ. ಹತ್ತು ಹೆಂಗಸರು ಸೇರಿ ಒಂದು ದಿನದಲ್ಲಿ ಎಕರೆ ಮುಗಿಸಿದರೆ ಒಬ್ಬೊಬ್ಬರ ಪಾಲಿಗೆ 20 ಸಾವಿರ. ಅಷ್ಟು ಬಾರಿಯೂ ಆ ಬೆರಳು ತಪ್ಪುವಂತಿಲ್ಲ. ಇದನ್ನು ಅವ್ವನಿಗೆ ಹೇಳಿದೆ. 'ಯಾರ್ ಎಣಿಸ್ತಾರೆ ಬುಡು' ಎಂದು ನಕ್ಕಳು.

ಪಟ್ಟಿಯಲ್ಲಿ 'ಉಳುವವನೇ ಭೂಮಿಯ ಒಡೆಯ' ಎಂಬ ಸಾಲೂ ಇತ್ತು. ಇದು ಹೊಗಳಿಕೆಯ ಮಾತಲ್ಲ, ಬೇಡಿಕೆಯ ಮಾತು. ಇದರ ಹಿಂದೆ 1951ರ ಕಾಗೋಡು ಇದೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ, ಗೇಣಿ ಭತ್ತ ಅಳೆಯುವಾಗ ಜಮೀನ್ದಾರರು ದೊಡ್ಡ ಕೊಳಗ ಬಳಸುತ್ತಾರೆಂದು ಗೇಣಿದಾರರು ತಿರುಗಿ ನಿಂತರು. ಮುಂದೆ 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ಅರ್ಜಿ ಕೊಟ್ಟು ಗೆದ್ದ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಇಷ್ಟನ್ನು ಪರೀಕ್ಷೆಗೆಂದು ಓದಿಕೊಂಡಿದ್ದೆ. ಅದನ್ನೇ ಅವ್ವನಿಗೆ ಹೇಳಿದಾಗ ಅವಳು ಒಂದೇ ಮಾತು ಕೇಳಿದಳು: 'ಉಳೋರು ಒಡೇರಾದ್ರು ಸರಿ. ನೆಡೋರು?'

ಆ ಪ್ರಶ್ನೆ ನನ್ನ ಯಾವ ನೋಟ್ಸ್‌ನಲ್ಲೂ ಇರಲಿಲ್ಲ. ಗೇಣಿದಾರನಿಗೆ ನೆಲ ಸಿಕ್ಕಿತು. ದಿನಗೂಲಿಗೆ ಬರುವವಳು ಗೇಣಿದಾರಳಲ್ಲ, ಹಾಗಾಗಿ ಆ ಘೋಷಣೆಯೊಳಗೆ ಅವಳಿಲ್ಲ. 'ರೈತ' ಎಂದು ಬರೆದು ನೇಗಿಲು ಹೊತ್ತ ಗಂಡಸಿನ ಚಿತ್ರ ಬಿಡಿಸಿದಾಗಲೂ ಅವಳಿಲ್ಲ. ಬೆನ್ನೆಲುಬು, ಅನ್ನದಾತ ಎಂಬ ಮಾತುಗಳಿಗೆ ಅವಳು ಬರೀ 'ಹೂಂ' ಎಂದದ್ದು ಏಕೆಂದು ಆಗ ತಿಳಿಯಿತು. ಆ ಮಾತುಗಳು ತನ್ನ ಬಗ್ಗೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

'ಕೈ ಕೆಸರಾದರೆ ಬಾಯಿ ಮೊಸರು' ಗಾದೆಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಅವ್ವ ಅದಕ್ಕೂ 'ಕೆಸರು ನಮ್ ಕೈಲಿ, ಮೊಸರು ಯಾರ್ ಬಾಯಲ್ಲೋ' ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ, 'ಇರ್ಲಿ ಬರಿ, ಹಂಗೇ ಆಗ್ಬೇಕು ಅಂತ ತಾನೆ ಹೇಳೋದು' ಎಂದಳು. ಆ ಸಾಲು ಉಳಿಯಿತು.

ಉಳಿದ ಮೂರಕ್ಕೆ ಪಟ್ಟಿಯನ್ನು ಮಡಿಚಿಟ್ಟೆ. ಬೇಸಾಯದವರು ತಾವೇ ಮಾಡಿಕೊಂಡ ಗಾದೆಗಳನ್ನು ನೋಡಿ, ಅವುಗಳಲ್ಲಿ ರೈತನ ಹೊಗಳಿಕೆ ಬಹಳ ಕಡಿಮೆ. ಇರುವುದು ಕೆಲಸದ ತಿಳಿವಳಿಕೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ' ಎನ್ನುವುದು ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಬೀಳುವ ಮಳೆಯ ಲೆಕ್ಕ. ಆಗ ನೆಲ ನೆನೆದರೆ ಹೊತ್ತಿಗೆ ಸರಿಯಾಗಿ ಉಳಬಹುದು, ಬಿತ್ತಬಹುದು. ಒಬ್ಬ ಮನುಷ್ಯನಿಗೆ ಏನೋ ಗೊತ್ತಿದೆ ಎಂದು ಒಪ್ಪಿಕೊಳ್ಳುವುದೇ ಅವನಿಗೆ ಕೊಡುವ ಗೌರವ ಎಂದು ನನಗನ್ನಿಸುತ್ತದೆ. ಹೊಗಳಿಕೆಯನ್ನು ದೂರ ನಿಂತೂ ಬರೆಯಬಹುದು. ಇಂಥ ಮಾತಿಗೆ ಗದ್ದೆಗೆ ಇಳಿದವರೇ ಬೇಕು. ಭರಣಿಯ ಗಾದೆ ಎರಡನೇ ಸಾಲಾಯಿತು.

ಮೂರನೆಯದು ನಾಟಿಯ ಸಾಲು. ನಾಟಿ ಹಾಕುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಗುತ್ತಾರೆ, ಮುಂದೆ ಗದ್ದೆ ಹಸಿರಾಗುತ್ತಾ ಬರುತ್ತದೆ. 'ಹಿಂದೆ ಹಿಂದೆ ಹೆಜ್ಜೆ, ಮುಂದೆ ಮುಂದೆ ಪೈರು' ಎಂದು ನಾನೇ ಕಟ್ಟಿದೆ. ಕೇಳಿ ಅವ್ವ, 'ಇದು ಒಗಟಿದ್ದಂಗದೆ. ಮಕ್ಕಳು ಬುಡುಸ್ತವೆ ಬರಿ' ಎಂದಳು. ನಾಲ್ಕನೆಯದು ನೇರವಾದದ್ದು: 'ಕೂಲಿ ಕೆಲಸಕ್ಕೆ, ಮರ್ಯಾದೆ ಮನುಷ್ಯರಿಗೆ. ಎರಡನ್ನೂ ಬಾಕಿ ಇಡಬೇಡಿ.'

ಹೆಡ್‌ಮೇಷ್ಟ್ರು ಮೂರನೆಯದಕ್ಕೆ ತಲೆದೂಗಿದರು. ನಾಲ್ಕನೆಯದನ್ನು ಎರಡು ಸಲ ಓದಿ, 'ಊರ ದೊಡ್ಡವರು ಏನಂದಾರು?' ಎಂದರು. ಐದನೇ ಗಾದೆಗೆ ಅವ್ವ ಕೇಳಿದ್ದನ್ನು ಹೇಳಿದೆ. ಸುಮ್ಮನಾದರು. 'ಬರಿ, ಯಾರಾದರೂ ಕೇಳಿದರೆ ನಾನು ಹೇಳ್ತೀನಿ' ಎಂದರು.

ಬರೆಯುವವರಿಗೆ ಎರಡು ಮಾತು. ರಸ್ತೆಯಿಂದ ನಮ್ಮ ಗೋಡೆಗೆ ಸುಮಾರು 40 ಅಡಿ. ಹತ್ತು ಅಡಿ ದೂರಕ್ಕೆ ಒಂದಿಂಚಿನ ಲೆಕ್ಕದಲ್ಲಿ ನಾಲ್ಕು ಇಂಚಿನ ಅಕ್ಷರ ಬೇಕು. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇನ್ನೂ ಒಂದು ಅಕ್ಷರದಷ್ಟು ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಮಳೆನೀರು ಸಿಡಿಯುವ ಕೆಳಗಿನ ಮೂರಡಿಯನ್ನು ಖಾಲಿ ಬಿಟ್ಟೆ. ಇಷ್ಟಾದರೆ ನಾಲ್ಕು ಚಿಕ್ಕ ಸಾಲಿಗಷ್ಟೇ ಜಾಗ. ಹತ್ತು ಸಾಲು ತುರುಕಿದ್ದರೆ ಯಾರೂ ಒಂದನ್ನೂ ಓದುತ್ತಿರಲಿಲ್ಲ.

ಬಣ್ಣ ಬಳಿಯುವಾಗ ಒಳಗಿನ ಕೋಣೆಯಿಂದ ಒಂದು ದನಿ ಕೇಳಿತು: 'ಓದ್ದೇ ಇದ್ರೆ ದನ ಕಾಯಕ್ಕೆ ಹೋಗು.' ನಾನೂ ಅದೇ ಕೋಣೆಯಲ್ಲಿ ಕೂತು ಅದೇ ಮಾತು ಕೇಳಿ ಬೆಳೆದವನು. ಹೊರಗೋಡೆಯ ಮಾತನ್ನು ಒಳಗಿನ ಈ ಒಂದು ಮಾತು ಅಳಿಸಿಹಾಕುತ್ತದೆ. ಮಕ್ಕಳು ಓದಬೇಕು, ಬೇಕಾದ ಕೆಲಸ ಹಿಡಿಯಬೇಕು. ನಾನೂ ಅದಕ್ಕೇ ಓದುತ್ತಿದ್ದೇನೆ, ಅವ್ವನಿಗೂ ಅದೇ ಆಸೆ. ಆದರೆ ಓದಿಸಲು ಅಪ್ಪ ಅಮ್ಮನ ಕೆಲಸವನ್ನು ಶಿಕ್ಷೆಯ ಹಾಗೆ ತೋರಿಸಬೇಕಿಲ್ಲ.

ಇದನ್ನು ಬರೆಯುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಾಲೇಜು ಸೇರುವಾಗ ಅರ್ಜಿಯಲ್ಲಿ 'ಪೋಷಕರ ಉದ್ಯೋಗ' ಎಂಬಲ್ಲಿ ನಾನು 'ವ್ಯವಸಾಯ' ಎಂದು ಬರೆದಿದ್ದೆ. 'ಕೂಲಿ' ಎಂದು ಬರೆಯಲು ಕೈ ಬಂದಿರಲಿಲ್ಲ. 12ನೇ ಶತಮಾನದ ಶರಣರ ಹೆಸರುಗಳನ್ನು ಆಗಲೇ ಬಾಯಿಪಾಠ ಮಾಡಿದ್ದೆ: ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ. ಹಗ್ಗ ಹೊಸೆಯುವುದು, ಸೌದೆ ಮಾರುವುದು, ದೋಣಿ ನಡೆಸುವುದು, ಚೆಲ್ಲಿದ ಅಕ್ಕಿ ಆಯುವುದು, ಈ ಕೆಲಸಗಳೇ ಅವರ ಹೆಸರಿನ ಮೊದಲ ಪದ. ಅಂಕಕ್ಕಾಗಿ ಆ ಹೆಸರುಗಳನ್ನು ಬರೆದ ನನಗೆ, ಅವ್ವನ ಕೆಲಸದ ಹೆಸರು ಬರೆಯಲು ಆಗಲಿಲ್ಲ.

ಕಳೆದ ವಾರ ಇನ್ನೊಂದು ನೇಮಕಾತಿಗೆ ಅರ್ಜಿ ತುಂಬಿದೆ. ಅದೇ ಅಂಕಣ ಬಂತು. 'ಕೃಷಿ ಕೂಲಿ' ಎಂದು ಟೈಪ್ ಮಾಡಿ ಮುಂದಕ್ಕೆ ಹೋದೆ.