ಕಪ್ಪು ಚೌಕದೊಳಗಿಂದ ಒಂದು ಸಂಖ್ಯೆ

ವಾರಕ್ಕೆ ಮೂರು ಸಂಜೆ, ಆಫೀಸು ಮುಗಿಸಿ ಬಂದು, ಬೆಂಗಳೂರಿನ ಬಾಡಿಗೆ ರೂಮಿನಿಂದಲೇ ನಮ್ಮೂರು ಹೊನವಾಡದ ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಹದಿನೆಂಟು ಮಕ್ಕಳು, ಅಂದ್ರೆ ಸ್ಕ್ರೀನ್ ಮೇಲೆ ಹದಿನೆಂಟು ಕಪ್ಪು ಚೌಕ. ಕ್ಯಾಮೆರಾ ಆನ್ ಮಾಡಿ ಅಂತ ನಾನು ಹೇಳೋದಿಲ್ಲ. ಹಿಂದೆ ಕಾಣೋ ಗೋಡೆ, ಮನೆ ಮಂದಿ, ಡೇಟಾ, ಕಾರಣ ಯಾವುದೂ ಇರಬಹುದು. 2020ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನೇ ಕೇಳಿ ನೋಡಿದಾಗ ಹೆಚ್ಚು ಜನ ಕೊಟ್ಟ ಉತ್ತರ, ತಾನು ಹೇಗೆ ಕಾಣ್ತೀನೋ ಅನ್ನೋ ಚಿಂತೆ. ಅಲ್ಲಿನವರಿಗೇ ಹಾಗಾದ್ರೆ ನಮ್ಮ ಹುಡುಗ್ರದ್ದೇನು ಕೇಳೋದು!

ಮುಖ ಕಾಣದಿದ್ರೂ ನಡೆಯುತ್ತೆ, ಉತ್ತರ ಬರದಿದ್ರೆ ನಡೆಯೋದಿಲ್ಲ. ಅದು ಗೊತ್ತಾಗೋದು ಮೊದಲ ಐದು ನಿಮಿಷದಲ್ಲೇ. "ಎಲ್ಲಾರಿಗೂ ಕೇಳಸ್ತೈತೇನು?" ಅಂದ್ರೆ ಒಬ್ಬನೇ "ಹೂಂ ರೀ ಅಕ್ಕಾ" ಅಂತಾನೆ, ಉಳಿದ ಹದಿನೇಳು ಮಂದಿಯ ಕೆಲಸ ಅಲ್ಲಿಗೆ ಮುಗೀತು. ಎಲ್ಲರನ್ನೂ ಕೇಳಿದ ಪ್ರಶ್ನೆಗೆ ಯಾರೂ ಹೊಣೆ ಅಲ್ಲ ನೋಡಿ.

ಅದಕ್ಕೆ ನಾನು ಏಳು ಗಂಟೆ ಕ್ಲಾಸಿಗೆ ಆರು ಐವತ್ತಕ್ಕೇ ಕೂತಿರ್ತೀನಿ. ಒಬ್ಬೊಬ್ಬರು ಒಳಗೆ ಬಂದ ಹಾಗೆ ಹೆಸರು ಹಿಡಿದೇ ಕರೀತೀನಿ: "ಬಾ ತಮ್ಮಾ, ಬಾ ತಂಗಿ." ತೊಡಕೆಂದ್ರೆ ಫೋನು ಅಪ್ಪನದು, ಮಾವನದು. ಸ್ಕ್ರೀನ್ ಮೇಲೆ ಅವರ ಹೆಸರು ಇರುತ್ತೆ, ಇಲ್ಲಾ ಬರೀ Redmi ಅಂತಿರುತ್ತೆ. ಅಂಥವರು ಮೊದಲು ಚಾಟ್‌ನಲ್ಲಿ ತಮ್ಮ ಹೆಸರು ಬರೀಬೇಕು, ನಾನು ಪಟ್ಟಿಯಲ್ಲಿ ಗುರುತು ಹಾಕ್ಕೊಳ್ತೀನಿ. ಈ ಕರೆಯೋದಕ್ಕೆ ಮಾತಿನ ಉತ್ತರ ಬೇಕಿಲ್ಲ. ಅಷ್ಟೊತ್ತಿಗಾಗಲೇ ಸ್ಕ್ರೀನ್ ಮೇಲೆ ಒಂದು ಪ್ರಶ್ನೆ ಕಾಯ್ತಿರುತ್ತೆ, ಅದರ ಉತ್ತರ ಬರೀ ಒಂದು ಸಂಖ್ಯೆ.

ಶೇಕಡಾ ಪಾಠದ ದಿನ ಹಾಕಿದ್ದು ಇದು: 100 ಕಿಲೋ ಹಸಿ ದ್ರಾಕ್ಷಿ ಒಣಗಿಸಿದ್ರೆ ಒಣದ್ರಾಕ್ಷಿ ಎಷ್ಟು ಕಿಲೋ? ನಮ್ಮ ತಿಕೋಟಾ ಕಡೆ ದ್ರಾಕ್ಷಿ ಕಾಣದ ಮಗು ಇಲ್ಲ. ಸೂತ್ರ ಬರದವನೂ ಏನೋ ಒಂದು ಅಂದಾಜು ಮಾಡಬಹುದು. "ಬರೀರಿ, ಆದ್ರ ಕಳಸಬ್ಯಾಡ್ರಿ. ನಾ ಹೂಂ ಅಂದ ಮ್ಯಾಲೆ ಎಲ್ಲಾರೂ ಒಮ್ಮೆಲೆ ಕಳಸ್ರಿ" ಅಂದೆ. ಹಾಗೆ ಮಾಡದಿದ್ರೆ ಮೊದಲು ಬಂದ ಉತ್ತರವನ್ನೇ ಉಳಿದವರೆಲ್ಲ ಇಳಿಸ್ತಾರೆ.

ಆಮೇಲೆ ಸುಮ್ಮನಿರಬೇಕು. ಇದೇ ಕಷ್ಟದ ಭಾಗ. ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು: ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು ಒಂದೇ ಸೆಕೆಂಡ್ ಕಾಯ್ತಾರೆ, ಅದನ್ನ ಮೂರು ಸೆಕೆಂಡ್ ಮಾಡಿದ್ರೆ ಉತ್ತರಗಳು ಉದ್ದ ಆಗ್ತವೆ. ಅದು ಎದುರಾಎದುರು ಕೂತ ತರಗತಿಯ ಲೆಕ್ಕ. ಫೋನಿನಲ್ಲಿ ನನ್ನ ದನಿ ತಡವಾಗಿ ಮುಟ್ಟುತ್ತೆ, ಬೆರಳು ಕೀಲಿಮಣೆ ಹುಡುಕಬೇಕು. ನಾನು ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸ್ತೀನಿ, ನಡುವೆ ನೀರು ಕುಡೀತೀನಿ.

"ಹೂಂ" ಅಂದೆ. ಹದಿಮೂರು ಸಂಖ್ಯೆ ಬಂದವು: 25, 30, 50, ಒಂದು 10, ಮತ್ತೆ 25. ಸರಿ ಉತ್ತರದವರನ್ನ ಮೊದಲು ಮಾತಾಡಿಸಿದ್ರೆ ಮಾತು ಅಲ್ಲೇ ಮುಗಿಯುತ್ತೆ. 50 ಬರೆದವನಿಗೆ ಕೇಳಿದೆ, "ಯಾವ ಲೆಕ್ಕದ ಮ್ಯಾಲೆ ಬರದಿ ತಮ್ಮಾ? ಮೈಕ್ ಆದ್ರೂ ಆದೀತು, ಬರದ್ರೂ ಆದೀತು." ಅವನು ಬರೆದ: "ಅರ್ಧಾ ನೀರ ರೀ." ಅಷ್ಟರಲ್ಲಿ ಎರಡು ವಾರದಿಂದ ಬಾಯಿ ಬಿಡದ ಹುಡುಗಿಯ ಮೈಕ್ ಆನ್ ಆಯ್ತು. ಹಿಂದೆ ಆಡು ಒದರ್ತಿತ್ತು. "ಅಕ್ಕಾ, ಅರ್ಧಾ ಅಲ್ರೀ. ನಾಕ್ ಕಿಲೋಕ್ಕ ಒಂದ್ ಕಿಲೋ ಮಣೂಕ ಆಗ್ತೈತ್ರಿ. ನಮ್ಮ ಶೆಡ್‌ನ್ಯಾಗ ತೂಗೇವ್ರಿ."

ಅಲ್ಲಿಂದ ಪಾಠ ತಾನೇ ನಡೀತು. ನಾಲ್ಕಕ್ಕೆ ಒಂದು ಅಂದ್ರೆ ನೂರಕ್ಕೆ 25, ಹೋದ ತೂಕ ಶೇ. 75. ತಿರುಗಿಸಿ ಕೇಳಿದೆ: 50 ಕಿಲೋ ಒಣದ್ರಾಕ್ಷಿ ಬೇಕಾದ್ರೆ ಹಸಿ ದ್ರಾಕ್ಷಿ ಎಷ್ಟು? ಈ ಸಲ 10 ಬರೆದಿದ್ದ ಹುಡುಗನೇ ಎಲ್ಲರಿಗಿಂತ ಮೊದಲು 200 ಅಂತ ಬರೆದ. ಖುಷಿಗೆ ನಾ ಹೂಂ ಅನ್ನೋ ತನಕ ಕಾಯಲೇ ಇಲ್ಲ.

ಉಳಿದ ಐವರು? ಮೌನ ಎಲ್ಲರದ್ದೂ ಒಂದೇ ಥರದ್ದಲ್ಲ. ನೆಟ್‌ವರ್ಕ್ ಕೈಕೊಟ್ಟಿದ್ರೆ ಹೆಸರು ಹೋಗಿ ಬಂದು ಮಾಡುತ್ತೆ, ಕೊನೆಗೆ ಮೂರು ಉತ್ತರ ಒಟ್ಟಿಗೇ ಬೀಳ್ತವೆ. ಅಂದು ಇಬ್ಬರದ್ದು ಹೀಗೆ. ಮತ್ತೆ ಇಬ್ಬರು ನಾಚಿಕೆಯವರು, ಕ್ಲಾಸು ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ನನಗೊಬ್ಬಳಿಗೇ ಸಂಖ್ಯೆ ಕಳಿಸಿದರು. ಅದನ್ನೂ ಹಾಜರಿ ಅಂತಲೇ ಬರ್ಕೊಂಡೆ. ಹದಿನೆಂಟು ಮಂದಿ ಅಂತ ಇಷ್ಟು ನೋಡೋಕೆ ಆಗುತ್ತೆ, ಅರವತ್ತು ಇದ್ದಿದ್ರೆ ಆಗ್ತಿರಲಿಲ್ಲ.

ಫೋನ್ ಬಿಟ್ಟು ಎದ್ದು ಹೋದವರು ಸಿಕ್ಕಿಬೀಳೋದು ಕೊನೆಗೆ. ಎಲ್ಲರೂ "ಬರ್ತೇವ್ರಿ" ಅಂತ ಹೊರಗೆ ಹೋದ ಮೇಲೂ ಅವರ ಚೌಕ ಅಲ್ಲೇ ಇರುತ್ತೆ. ಅವತ್ತು ಉಳಿದಿದ್ದು ಒಂದೇ ಚೌಕ. ಬೈಯದೆ ಬರೀ "ಎಲ್ಲಿದ್ದಿ ತಮ್ಮಾ?" ಅಂತ ಮೆಸೇಜ್ ಹಾಕಿದೆ. ಒಂಬತ್ತೂವರೆಗೆ ಉತ್ತರ ಬಂತು: "ಅಕ್ಕಾ, ನಡುವ ಅಪ್ಪ ಫೋನ್ ಕಿಸೇದಾಗ ಹಾಕ್ಕೊಂಡು ತ್ವಾಟಕ್ಕ ಹೋಗಿದ್ದ ರೀ. ಪ್ರಶ್ನಿ ಏನಿತ್ತು?"

ಕಳಿಸಿದೆ. ಹತ್ತು ನಿಮಿಷಕ್ಕೆ 25 ಅಂತ ಬಂತು. ಅದರ ಕೆಳಗೆ ಇನ್ನೊಂದು ಸಾಲು, "ಅಪ್ಪನ್ನ ಕೇಳಿಲ್ರಿ."